ರೆಫರಲ್ ಕೇಳುವ ಹತ್ತು ಸಾಲು

ಸಾಫ್ಟ್‌ವೇರ್ ಕಂಪನಿಯಲ್ಲಿರುವ ಸೀನಿಯರ್ ಒಬ್ಬರು ನಿಮ್ಮನ್ನು ಕೆಲಸಕ್ಕೆ ರೆಫರ್ ಮಾಡುತ್ತಾರೆ ಎಂದರೆ ಎಚ್‌ಆರ್ ಬಳಿ ಹೋಗಿ ‘ನಮ್ಮ ಹುಡುಗ, ಸ್ವಲ್ಪ ನೋಡಿಕೊಳ್ಳಿ’ ಎಂದು ಹೇಳಿ ಬರುತ್ತಾರೆ ಎಂದಲ್ಲ. ಕಂಪನಿಯ ಒಳಜಾಲದಲ್ಲಿ ಅದಕ್ಕೊಂದು ಪೋರ್ಟಲ್ ಇರುತ್ತದೆ. ಅಲ್ಲೊಂದು ಫಾರಂ ತೆರೆದುಕೊಳ್ಳುತ್ತದೆ. ಅಭ್ಯರ್ಥಿಯ ಹೆಸರು, ಇಮೇಲ್, ಫೋನ್ ನಂಬರ್ ತುಂಬಬೇಕು. ಯಾವ ಹುದ್ದೆಗೆ ಎಂಬುದನ್ನು ಜಾಬ್ ಐಡಿ ಹಾಕಿ ತೋರಿಸಬೇಕು. ರೆಸ್ಯೂಮೆಯ ಪಿಡಿಎಫ್ ಸೇರಿಸಬೇಕು. ಸಾಮಾನ್ಯವಾಗಿ ಇನ್ನೆರಡು ಪ್ರಶ್ನೆಗಳೂ ಇರುತ್ತವೆ: ಇವರು ನಿಮಗೆ ಹೇಗೆ ಗೊತ್ತು? ಈ ಹುದ್ದೆಗೆ ಇವರು ಯಾಕೆ ಸರಿ?

ಕೆಲಸ ಹುಡುಕುವವರಲ್ಲಿ ಬಹುತೇಕರು ಈ ಫಾರಂ ನೋಡಿರುವುದಿಲ್ಲ. ಆದ್ದರಿಂದಲೇ ಅವರು ಕಳಿಸುವ ಮೆಸೇಜ್ ಹೀಗಿರುತ್ತದೆ: ‘ಹಾಯ್ ಸರ್, ನಾನು ನಿಮ್ಮ ಕಾಲೇಜಿನ ಜೂನಿಯರ್. ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಕಂಪನಿಯಲ್ಲಿ ಯಾವುದಾದರೂ ಓಪನಿಂಗ್ ಇದ್ದರೆ ದಯವಿಟ್ಟು ರೆಫರ್ ಮಾಡಿ.’ ಬರೆದವರ ಕಷ್ಟ ನಿಜವಾದದ್ದೇ, ಮರ್ಯಾದೆಗೂ ಕೊರತೆಯಿಲ್ಲ. ಆದರೆ ಓದಿದ ಸೀನಿಯರ್‌ಗೆ ಫಾರಂನ ಒಂದು ಖಾನೆ ತುಂಬುವಷ್ಟೂ ವಿಷಯ ಸಿಗುವುದಿಲ್ಲ. ಯಾವ ಹುದ್ದೆ, ಎಷ್ಟು ವರ್ಷದ ಅನುಭವ, ಏನು ಗೊತ್ತು, ರೆಸ್ಯೂಮೆ ಎಲ್ಲಿ ಎಂದು ಅವರೇ ಮರಳಿ ಕೇಳಬೇಕು. ಆ ನಾಲ್ಕು ಪ್ರಶ್ನೆ ಟೈಪ್ ಮಾಡುವಷ್ಟು ಬಿಡುವು ಸಂಜೆ ಸಿಗುತ್ತದೆ ಅಂದುಕೊಳ್ಳುತ್ತಾರೆ, ಸಂಜೆ ಮರೆತುಹೋಗುತ್ತದೆ. ಉತ್ತರ ಬರದಿದ್ದಾಗ ಜೂನಿಯರ್ ‘ದೊಡ್ಡ ಕಂಪನಿ ಸೇರಿದ ಮೇಲೆ ನಮ್ಮನ್ನೆಲ್ಲ ಯಾರು ಕೇಳುತ್ತಾರೆ’ ಎಂದು ನೊಂದುಕೊಳ್ಳುತ್ತಾನೆ.

ಓದಿದವರು ಮರುಪ್ರಶ್ನೆ ಕೇಳದೆ ಆ ಫಾರಂ ತುಂಬಿ ಮುಗಿಸುವಂತಿದ್ದರೆ ಅದು ಒಳ್ಳೆಯ ರೆಫರಲ್ ಮೆಸೇಜ್. ನನ್ನ ಅಳತೆಗೋಲು ಇದೊಂದೇ.

ಪ್ರಾಡಕ್ಟ್ ಕಂಪನಿಗಳಿಗೆ ಬರೆಯುವಾಗ ಇದು ಇನ್ನೂ ಮುಖ್ಯ. ಟಿಸಿಎಸ್, ಇನ್ಫೋಸಿಸ್, ವಿಪ್ರೊದಂಥ ಸರ್ವಿಸ್ ಕಂಪನಿಗಳು ಬೇರೆ ಬೇರೆ ಗ್ರಾಹಕರಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತವೆ. ಅವು ಕಾಲೇಜುಗಳಿಂದ ಹೊಸಬರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಂಡು, ತರಬೇತಿ ಕೊಟ್ಟು, ಆಮೇಲೆ ಯಾವ ಪ್ರಾಜೆಕ್ಟ್ ಎಂದು ತೀರ್ಮಾನಿಸುತ್ತವೆ. ಅಲ್ಲಿ ‘ಯಾವುದಾದರೂ ಓಪನಿಂಗ್’ ಎಂಬ ಮಾತಿಗೆ ಒಂದು ಅರ್ಥವಿದೆ. ಬೆಂಗಳೂರಿನ ಟ್ಯಾಲಿ, ಚೆನ್ನೈನ ಜೋಹೊ ತರಹದ ಪ್ರಾಡಕ್ಟ್ ಕಂಪನಿಗಳು ತಮ್ಮದೇ ಸಾಫ್ಟ್‌ವೇರ್ ಕಟ್ಟಿ ಮಾರುತ್ತವೆ. ಇಂಥ ಕಡೆ ಅನುಭವಿಗಳನ್ನು ತೆಗೆದುಕೊಳ್ಳುವಾಗ ಹೆಚ್ಚಾಗಿ ಒಂದು ತಂಡಕ್ಕೆ ಇಂಥದ್ದೇ ಕೆಲಸ ಬಲ್ಲ ಒಬ್ಬರು ಬೇಕು ಎಂದಾದಾಗ ಒಂದು ಹುದ್ದೆ ತೆರೆಯುತ್ತದೆ. ಅದಕ್ಕೊಂದು ನಂಬರ್ ಬೀಳುತ್ತದೆ. ಆ ನಂಬರ್ ಇಲ್ಲದೆ ರೆಫರಲ್ ಹೊರಡುವುದೇ ಇಲ್ಲ, ಹೊರಟರೂ ಯಾರ ಮೇಜಿಗೂ ತಲುಪದೆ ಎಲ್ಲೋ ಉಳಿಯುತ್ತದೆ.

ರೆಫರಲ್‌ನಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದೂ ಮೊದಲೇ ತಿಳಿದಿರಲಿ. ರೆಫರಲ್‌ನಿಂದ ಕೆಲಸ ಸಿಗುವುದಿಲ್ಲ. ಸಾವಿರಾರು ಅರ್ಜಿಗಳ ರಾಶಿಯಲ್ಲಿ ನಿಮ್ಮ ರೆಸ್ಯೂಮೆ ಒಬ್ಬ ರಿಕ್ರೂಟರ್ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಕೋಡಿಂಗ್ ಸುತ್ತು, ಸಂದರ್ಶನ ಎಲ್ಲವೂ ಬೇರೆಯವರಿಗೆ ಇದ್ದಂತೆಯೇ. ಆಯ್ಕೆಯಾಗಿ ಸೇರಿ ಕೆಲವು ತಿಂಗಳು ಕಳೆದರೆ ರೆಫರ್ ಮಾಡಿದವರಿಗೆ ಅನೇಕ ಕಂಪನಿಗಳು ಬೋನಸ್ ಕೊಡುತ್ತವೆ. ಹಾಗಾಗಿ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸರಿಯಾದ ಅಭ್ಯರ್ಥಿ ಸಿಕ್ಕರೆ ಅವರಿಗೂ ಒಳ್ಳೆಯದೇ.

‘ಪರಿಚಯವೇ ಇಲ್ಲದವರಿಗೆ ಹೇಗೆ ಬರೆಯುವುದು’ ಎಂಬ ಹಿಂಜರಿಕೆ ನಮ್ಮ ಸಣ್ಣ ಊರುಗಳ ಕಾಲೇಜಿನ ಮಕ್ಕಳಲ್ಲಿ ಬಹಳ. ಅವರಿಗೆ ಹಳೆಯದೊಂದು ಅಧ್ಯಯನದ ಮಾತು ಹೇಳಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಿತರ ಮೂಲಕ ಹೊಸ ಕೆಲಸ ಹಿಡಿದವರನ್ನು ‘ಆ ಪರಿಚಿತರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ’ ಎಂದು ಅವರು ಕೇಳಿದ್ದರು. ಆಗಾಗ ಭೇಟಿಯಾಗುವ ಆಪ್ತರಿಂದ ಕೆಲಸದ ಸುಳಿವು ಸಿಕ್ಕವರು ಆರರಲ್ಲಿ ಒಬ್ಬರಷ್ಟೇ. ಮಿಕ್ಕವರಿಗೆ ಸಿಕ್ಕಿದ್ದು ಯಾವಾಗಲಾದರೊಮ್ಮೆ ಇಲ್ಲವೇ ಅಪರೂಪಕ್ಕೆ ಕಾಣುವವರಿಂದ, ಅದರಲ್ಲೂ ಕೆಲವರಿಗೆ ಮರೆತೇಹೋಗಿದ್ದ ಹಳೆಯ ಪರಿಚಯದಿಂದ. ಇದಕ್ಕೆ ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರಿಗೆ ಗೊತ್ತಿರುವುದು ಬೇರೆ ಲೋಕದ ಸುದ್ದಿ. ಏಳೆಂಟು ವರ್ಷ ಹಿಂದೆ ನಿಮ್ಮದೇ ವಿಭಾಗದಲ್ಲಿ ಓದಿ ಹೋದ ಸೀನಿಯರ್ ಹೆಚ್ಚುಕಡಿಮೆ ಅಂಥ ದೂರದವರೇ. ಅವರ ಹೆಸರು ನಿಮಗೆ ಗೊತ್ತಿಲ್ಲದಿರಬಹುದು, ಆದರೆ ಇಬ್ಬರೂ ಅದೇ ಲ್ಯಾಬ್‌ನಲ್ಲಿ ಕೂತವರು, ಅದೇ ಎಚ್‌ಒಡಿ ಹತ್ತಿರ ಬೈಸಿಕೊಂಡವರು.

ಅವರನ್ನು ಹುಡುಕುವುದೂ ಕಷ್ಟವಲ್ಲ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದರೆ Alumni ಎಂಬ ವಿಭಾಗ ಇದೆ. ಅಲ್ಲಿ ಕಂಪನಿಯ ಹೆಸರು ಹಾಕಿ ಸೋಸಿದರೆ ನಿಮ್ಮ ಕಾಲೇಜಿನವರು ಯಾರ್‍ಯಾರು ಅಲ್ಲಿದ್ದಾರೆ ಎಂಬುದು ಕಾಣುತ್ತದೆ. ಅವರಲ್ಲಿ ಎಲ್ಲರಿಗಿಂತ ದೊಡ್ಡ ಹುದ್ದೆಯವರನ್ನು ಆರಿಸುವುದು ಹಲವರ ಅಭ್ಯಾಸ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ವೈಸ್ ಪ್ರೆಸಿಡೆಂಟ್‌ಗೆ ಇಂಥ ಮೆಸೇಜ್ ರಾಶಿ ಬೀಳುತ್ತವೆ. ನಿಮಗಿಂತ ನಾಲ್ಕರಿಂದ ಎಂಟು ವರ್ಷ ಮುಂದಿರುವ, ನೀವು ಹೋಗಬೇಕೆಂದಿರುವ ಕೆಲಸವನ್ನೇ ಮಾಡುತ್ತಿರುವ ಎಂಜಿನಿಯರ್ ಆದರೆ ನಿಮ್ಮ ಮೆಸೇಜ್ ಓದುತ್ತಾರೆ, ನೀವು ಬರೆದ ಕೆಲಸದ ತೂಕವೂ ಅವರಿಗೆ ಅರ್ಥವಾಗುತ್ತದೆ.

ಈಗ ಒಂದು ಉದಾಹರಣೆ ಇಟ್ಟುಕೊಂಡು ಮೆಸೇಜನ್ನೇ ಕಟ್ಟೋಣ. ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಬೆಂಗಳೂರಿನ ಸರ್ವಿಸ್ ಕಂಪನಿಯೊಂದರಲ್ಲಿ ಮೂರು ವರ್ಷ ಜಾವಾದಲ್ಲಿ ಕೆಲಸ ಮಾಡಿದ ಹುಡುಗಿ ಒಬ್ಬಳು ಅಂದುಕೊಳ್ಳಿ. ಹಣ ಪಾವತಿಯ ಸಾಫ್ಟ್‌ವೇರ್ ಮಾಡುವ ಪ್ರಾಡಕ್ಟ್ ಕಂಪನಿಯಲ್ಲಿ ಬ್ಯಾಕೆಂಡ್ ಎಂಜಿನಿಯರ್ ಹುದ್ದೆ ತೆರೆದಿದೆ. ಅಲ್ಲಿ ಅವಳ ಕಾಲೇಜಿನ ಸೀನಿಯರ್ ಒಬ್ಬರಿದ್ದಾರೆ. ಅವಳ ಮೊದಲ ಕರಡಿನಲ್ಲಿ ತನ್ನ ಬಗ್ಗೆ ಇದ್ದದ್ದು ಇಷ್ಟು: ‘ನನಗೆ ಜಾವಾ, ಸ್ಪ್ರಿಂಗ್ ಬೂಟ್, ಮೈಎಸ್‌ಕ್ಯೂಎಲ್, ಕಾಫ್ಕಾ, ಡಾಕರ್, ಪೈಥಾನ್ ಬರುತ್ತದೆ. ಬೇಗ ಕಲಿಯುತ್ತೇನೆ, ತಂಡದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೇನೆ.’

ಈ ಸಾಲು ಸುಳ್ಳಲ್ಲ, ಆದರೆ ಇದು ಯಾರಿಗೆ ಬೇಕಾದರೂ ಹೊಂದುತ್ತದೆ. ಓದಿದವರಿಗೆ ಅವಳ ಕೈಗೆಲಸ ಎಂಥದ್ದು ಎಂದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಅವಳು ಮಾಡಿದ ಕೆಲಸಗಳಲ್ಲಿ ಒಂದನ್ನು ತೆಗೆದು ಮುಂದಿಡಬೇಕು. ಏನು ಸಮಸ್ಯೆ ಇತ್ತು, ಅವಳು ಏನು ಮಾಡಿದಳು, ಎಷ್ಟು ಬದಲಾಯಿತು ಎಂಬ ಮೂರು ಅದರಲ್ಲಿ ಬರಬೇಕು.

ಅವಳ ಬಳಿ ಅಂಥ ಕೆಲಸ ಇತ್ತು. ಹಣಕಾಸು ಸಂಸ್ಥೆಯೊಂದರ ದಿನದ ವಹಿವಾಟುಗಳನ್ನು ಪ್ರತಿರಾತ್ರಿ ತಾಳೆ ನೋಡುವ ಪ್ರೋಗ್ರಾಂ ಅದು. ಎರಡು ಲಕ್ಷ ವಹಿವಾಟು, ಮುಗಿಯಲು ನಾಲ್ಕು ಗಂಟೆ. ಕೆಲವು ದಿನ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಅವಳು ಲಾಗ್ ತೆಗೆದು ನೋಡಿದಾಗ ಕಂಡದ್ದು: ಪ್ರೋಗ್ರಾಂ ಒಂದೊಂದು ವಹಿವಾಟಿಗೂ ಡೇಟಾಬೇಸ್‌ಗೆ ಒಂದೊಂದು ಸಲ ಹೋಗಿ ಬರುತ್ತಿತ್ತು. ಎರಡು ಲಕ್ಷ ವಹಿವಾಟಿಗೆ ಎರಡು ಲಕ್ಷ ಓಡಾಟ. ಅವಳು ಒಮ್ಮೆಗೆ ಸಾವಿರ ವಹಿವಾಟಿನ ವಿವರ ತರುವ ಹಾಗೆ ಬದಲಿಸಿದಳು, ಓಡಾಟ 200ಕ್ಕೆ ಇಳಿಯಿತು. ಹುಡುಕಾಟ ಚುರುಕಾಗಲು ಟೇಬಲ್‌ಗೆ ಒಂದು ಇಂಡೆಕ್ಸ್ ಹಾಕಿದಳು. ನಾಲ್ಕು ಗಂಟೆಯ ಕೆಲಸ 50 ನಿಮಿಷಕ್ಕೆ ಬಂತು.

ಇದನ್ನು ಎರಡು ವಾಕ್ಯದಲ್ಲಿ ಹೇಳಬಹುದು. ಬ್ಯಾಕೆಂಡ್ ಕೆಲಸ ಮಾಡುವ ಯಾರೇ ಓದಿದರೂ, ‘ಈ ಹುಡುಗಿ ಕೋಡ್ ಬರೆದು ಕೈತೊಳೆದುಕೊಳ್ಳುವವಳಲ್ಲ, ನಿಧಾನ ಯಾಕೆ ಎಂದು ಹುಡುಕಿದವಳು’ ಎಂದು ಅರ್ಥವಾಗುತ್ತದೆ. ಆರು ತಂತ್ರಜ್ಞಾನದ ಹೆಸರು ಪಟ್ಟಿ ಮಾಡಿದಾಗ ಇದು ಅರ್ಥವಾಗುವುದಿಲ್ಲ.

ಕಾಫ್ಕಾ ವಿಷಯ ಉಳಿಯಿತು. ಹುದ್ದೆಯ ವಿವರದಲ್ಲಿ ಕಾಫ್ಕಾ ಗೊತ್ತಿರಬೇಕು ಎಂದಿದೆ. ಅವಳು ಅದನ್ನು ಕಚೇರಿ ಕೆಲಸದಲ್ಲಿ ಮುಟ್ಟಿಲ್ಲ, ಮನೆಯಲ್ಲಿ ಒಂದು ಸಣ್ಣ ಪ್ರಾಜೆಕ್ಟ್‌ಗೆ ಬಳಸಿದ್ದಾಳೆ. ‘ಬರುತ್ತದೆ’ ಎಂದು ಬರೆದು ಸುಮ್ಮನಿರಬಹುದಲ್ಲ ಎಂದು ಅನ್ನಿಸುತ್ತದೆ. ಹಾಗೆ ಮಾಡಬಾರದು. ಫಾರಂನಲ್ಲಿ ಅವಳ ಪರವಾಗಿ ಬರೆಯುವವರು ಸೀನಿಯರ್. ಸಂದರ್ಶನದ ಮೊದಲ ಹತ್ತು ನಿಮಿಷದಲ್ಲಿ ಅದು ಹುಸಿ ಎಂದು ಗೊತ್ತಾದರೆ ಅವರ ಮಾತಿನ ಬೆಲೆ ಕಂಪನಿಯಲ್ಲಿ ಇಳಿಯುತ್ತದೆ, ಮುಂದಿನ ವರ್ಷ ಅದೇ ಕಾಲೇಜಿನಿಂದ ಬರೆಯುವವರಿಗೆ ಅವರು ಕೈ ಹಿಂದೆಗೆಯುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಮಿಕ್ಕ ಸಾಲುಗಳ ಮೇಲೂ ನಂಬಿಕೆ ಬರುತ್ತದೆ.

ಇಂಥ ಮೆಸೇಜ್‌ಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತವೆ. ಅರ್ಥ ಸ್ಪಷ್ಟವಾಗಲೆಂದು ಅವಳ ಕೊನೆಯ ಕರಡನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

‘ನಮಸ್ಕಾರ ಸರ್. ನಾನು ಹಾಸನದ ನಮ್ಮ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದ 2022ರ ಬ್ಯಾಚ್‌ನವಳು, ನೀವು ಅಲ್ಲೇ 2016ರ ಬ್ಯಾಚ್ ಎಂದು ನೋಡಿದೆ. ನಿಮ್ಮ ಬೆಂಗಳೂರು ಕಚೇರಿಯ ಬ್ಯಾಕೆಂಡ್ ಎಂಜಿನಿಯರ್ ಹುದ್ದೆಗೆ, ಜಾಬ್ ಐಡಿ R48213, ನನ್ನನ್ನು ರೆಫರ್ ಮಾಡಲು ಆಗುತ್ತದೆಯೇ?

ಜಾವಾ, ಸ್ಪ್ರಿಂಗ್ ಬೂಟ್‌ನಲ್ಲಿ ಮೂರು ವರ್ಷದ ಅನುಭವ ಇದೆ. ರಾತ್ರಿ ಎರಡು ಲಕ್ಷ ವಹಿವಾಟು ತಾಳೆ ನೋಡುವ ಬ್ಯಾಚ್ ಜಾಬ್ ನಾಲ್ಕು ಗಂಟೆ ಹಿಡಿಯುತ್ತಿತ್ತು. ಸಾಲಿಗೊಂದು ಕ್ವೆರಿ ಹೋಗುತ್ತಿದ್ದುದನ್ನು ಸಾವಿರಕ್ಕೊಂದು ಮಾಡಿ, ಇಂಡೆಕ್ಸ್ ಸೇರಿಸಿ 50 ನಿಮಿಷಕ್ಕೆ ಇಳಿಸಿದೆ. ಕಾಫ್ಕಾವನ್ನು ಸ್ವಂತ ಪ್ರಾಜೆಕ್ಟ್‌ನಲ್ಲಿ ಮಾತ್ರ ಬಳಸಿದ್ದೇನೆ.

ನೋಟಿಸ್ ಅವಧಿ 60 ದಿನ. ನೇರವಾಗಿ ಇನ್ನೂ ಅರ್ಜಿ ಹಾಕಿಲ್ಲ. ರೆಸ್ಯೂಮೆ ಲಗತ್ತಿಸಿದ್ದೇನೆ, ಇಮೇಲ್ ಮತ್ತು ಫೋನ್ ಅದರಲ್ಲಿವೆ. ಆಗದಿದ್ದರೂ ಬೇಸರವಿಲ್ಲ, ಒಂದು ಮಾತು ತಿಳಿಸಿದರೆ ಸಾಕು.’

ಫೋನಿನ ಪರದೆಯಲ್ಲಿ ಹೆಚ್ಚು ಸರಿಸದೆ ಓದಿ ಮುಗಿಯುತ್ತದೆ. ಊರು, ಬ್ಯಾಚ್ ಎಂಬ ಗುರುತು ಒಂದು ವಾಕ್ಯ, ಕೇಳಿಕೆ ಒಂದು ವಾಕ್ಯ. ಕೇಳಿಕೆ ಎರಡನೆಯ ವಾಕ್ಯದಲ್ಲೇ ಬಂದುಬಿಟ್ಟಿದೆ ಎಂಬುದನ್ನು ಗಮನಿಸಿ. ‘ಹೇಗಿದ್ದೀರಿ ಸರ್’ ಎಂದು ಶುರುಮಾಡಿ, ಉತ್ತರ ಬಂದ ಮೇಲೆ ನಿಧಾನವಾಗಿ ವಿಷಯಕ್ಕೆ ಬರುವುದು ಊರಿನ ಜಗಲಿಯಲ್ಲಿ ಚೆಂದ. ಇಲ್ಲಿ ಅದು ಎದುರಿನವರನ್ನು ಕಾಯಿಸಿದಂತೆ.

ಪುಟ್ಟ ಮಾತುಗಳಿಗೂ ಕಾರಣಗಳಿವೆ. ನೋಟಿಸ್ ಅವಧಿ ಬರೆದದ್ದು ರಿಕ್ರೂಟರ್‌ಗೋಸ್ಕರ. ನಮ್ಮ ಸರ್ವಿಸ್ ಕಂಪನಿಗಳಲ್ಲಿ ಅದು 60, 90 ದಿನ ಇರುವುದು ಸಾಮಾನ್ಯ, ತುರ್ತಾಗಿ ಜನ ಬೇಕಿದ್ದ ತಂಡ ಅದನ್ನೇ ಮೊದಲು ನೋಡುತ್ತದೆ. ‘ನೇರವಾಗಿ ಅರ್ಜಿ ಹಾಕಿಲ್ಲ’ ಎಂಬುದು ಇನ್ನೂ ಮುಖ್ಯ. ಅಭ್ಯರ್ಥಿ ಆಗಲೇ ಕಂಪನಿಯ ಜಾಲತಾಣದಲ್ಲಿ ಅರ್ಜಿ ಹಾಕಿದ್ದರೆ ಆಮೇಲೆ ಬಂದ ರೆಫರಲನ್ನು ಅನೇಕ ಪೋರ್ಟಲ್‌ಗಳು ಒಪ್ಪುವುದಿಲ್ಲ. ಆದ್ದರಿಂದ ಮೊದಲು ಕೇಳಿ, ಒಂದು ವಾರ ಕಾದು, ಉತ್ತರ ಬರದಿದ್ದರೆ ಆಮೇಲೆ ಅರ್ಜಿ ಹಾಕುವುದು ಒಳ್ಳೆಯದು. ಹುದ್ದೆ ಮುಚ್ಚುವ ದಿನ ಹತ್ತಿರವಿದ್ದರೆ ಮಾತ್ರ ಕಾಯಬೇಡಿ. ಸಂಬಳದ ಮಾತು ಮೆಸೇಜ್‌ನಲ್ಲಿ ಇಲ್ಲ, ಅದು ರಿಕ್ರೂಟರ್ ಜೊತೆ ಮಾತಾಡುವ ವಿಷಯ. ಗ್ರಾಹಕ ಸಂಸ್ಥೆಯ ಹೆಸರೂ ಇಲ್ಲ. ಕಂಪನಿಯ ಜೊತೆ ಮಾಡಿಕೊಂಡ ಗೌಪ್ಯತೆಯ ಕರಾರು ಅದಕ್ಕೆ ಅಡ್ಡ ಬರುತ್ತದೆ. ಅದನ್ನು ಮೀರಿ ಹೆಸರು ಬರೆದರೆ ಓದಿದ ಸೀನಿಯರ್‌ಗೂ ‘ನಾಳೆ ನಮ್ಮ ವಿಷಯವನ್ನೂ ಹೀಗೇ ಬರೆಯುತ್ತಾಳೆ’ ಅನ್ನಿಸುತ್ತದೆ.

ರೆಸ್ಯೂಮೆ ಕಳಿಸುವಲ್ಲಿ ಆಗುವ ತಪ್ಪು ತೀರಾ ಸಣ್ಣದು, ಆದರೆ ಅಲ್ಲೇ ಅನೇಕ ರೆಫರಲ್ ನಿಂತುಹೋಗುತ್ತವೆ. ಗೂಗಲ್ ಡ್ರೈವ್‌ನ ಲಿಂಕ್ ಕಳಿಸಿರುತ್ತಾರೆ. ಸೀನಿಯರ್ ಒತ್ತಿದರೆ ‘ಅನುಮತಿ ಕೇಳಿ’ ಎಂದು ಬರುತ್ತದೆ. ಅನುಮತಿ ಕೇಳಿ, ಅದು ಸಿಗುವವರೆಗೆ ಕಾದು, ಇಳಿಸಿಕೊಂಡು ಮತ್ತೆ ಪೋರ್ಟಲ್‌ಗೆ ಹೋಗುವ ತಾಳ್ಮೆ ಯಾರಿಗಿದೆ? ಪಿಡಿಎಫ್ ಅನ್ನೇ ಲಗತ್ತಿಸಿ. ಅದರ ಹೆಸರು resume_final_v3.pdf ಎಂದಿರದೆ ನಿಮ್ಮ ಹೆಸರಿನಲ್ಲಿರಲಿ. ಲಿಂಕ್ಡ್‌ಇನ್‌ನಲ್ಲಿ ಪರಿಚಯದ ಕೋರಿಕೆಯ ಜೊತೆ ಬರೆಯುವ ಟಿಪ್ಪಣಿಯಲ್ಲಿ ಎರಡು ಮೂರು ವಾಕ್ಯಕ್ಕಷ್ಟೇ ಜಾಗ, ಫೈಲ್ ಸೇರಿಸಲು ಬರುವುದಿಲ್ಲ. ಅಲ್ಲಿ ಬ್ಯಾಚ್, ಜಾಬ್ ಐಡಿ, ಒಂದು ಸಾಲಿನ ಕೆಲಸ ಇಷ್ಟು ಬರೆದು, ಅವರು ಒಪ್ಪಿದ ಮೇಲೆ ಪೂರ್ತಿ ಮೆಸೇಜ್, ಪಿಡಿಎಫ್ ಎರಡನ್ನೂ ಒಟ್ಟಿಗೆ ಕಳಿಸಬೇಕು.

ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ, ನನಗದು ಬಹಳ ಇಷ್ಟ. ‘ಈ ಹುದ್ದೆಗೆ ಇವರು ಯಾಕೆ ಸರಿ’ ಎಂಬ ಖಾನೆಗೆ ಬೇಕಾಗುವ ಎರಡು ವಾಕ್ಯವನ್ನು ಅವರೇ ಇಂಗ್ಲಿಷಿನಲ್ಲಿ, ಬೇರೆಯವರು ಹೇಳಿದ ಹಾಗೆ ಬರೆದು ಕೊನೆಯಲ್ಲಿ ಸೇರಿಸಿರುತ್ತಾರೆ. ಸೀನಿಯರ್ ಅದನ್ನು ನಕಲಿಸಿ ಅಂಟಿಸಬಹುದು, ಬೇಡವೆಂದರೆ ತಿದ್ದಬಹುದು. ಆ ಎರಡು ವಾಕ್ಯದಲ್ಲಿ ಹೊಗಳಿಕೆ ಬೇಡ. ಹೇಗೆ ಪರಿಚಯ ಎಂಬ ಪ್ರಶ್ನೆಗೆ ಸೀನಿಯರ್ ‘ಒಂದೇ ಕಾಲೇಜು, ಜೊತೆಗೆ ಕೆಲಸ ಮಾಡಿಲ್ಲ’ ಎಂದೇ ಬರೆಯುತ್ತಾರೆ, ಬರೆಯಬೇಕು. ಜೊತೆಗೆ ಕೆಲಸ ಮಾಡದವರು ‘ಅದ್ಭುತ ಎಂಜಿನಿಯರ್’ ಎಂದರೆ ರಿಕ್ರೂಟರ್ ನಂಬುವುದಿಲ್ಲ. ನಾಲ್ಕು ಗಂಟೆಯನ್ನು 50 ನಿಮಿಷ ಮಾಡಿದ ಕಥೆ ಮಾತ್ರ ಯಾರು ಹೇಳಿದರೂ ಅಷ್ಟೇ ತೂಕ.

ಆ ಕಥೆಯನ್ನು ನಾಳೆ ಸಂದರ್ಶನದಲ್ಲಿ ಕೆದಕುತ್ತಾರೆ ಎಂಬುದೂ ನೆನಪಿರಲಿ. ಮಿಕ್ಕ 50 ನಿಮಿಷ ಎಲ್ಲಿ ಹೋಗುತ್ತಿತ್ತು? ಇಂಡೆಕ್ಸ್ ಹಾಕಿದ ಮೇಲೆ ಬರವಣಿಗೆ ನಿಧಾನವಾಗಲಿಲ್ಲವೇ? ಒಮ್ಮೆಗೆ ಸಾವಿರ ಎಂದೇ ಯಾಕೆ ಇಟ್ಟಿರಿ, ಹತ್ತು ಸಾವಿರ ಯಾಕಲ್ಲ? ಸ್ವತಃ ಮಾಡಿದವಳು ಇದಕ್ಕೆಲ್ಲ ಉತ್ತರ ಹೇಳುತ್ತಾಳೆ. ತಂಡದಲ್ಲಿ ಬೇರೆ ಯಾರೋ ಮಾಡಿದ್ದನ್ನು ತನ್ನದೆಂದು ಬರೆದುಕೊಂಡಿದ್ದರೆ ಎರಡನೆಯ ಪ್ರಶ್ನೆಗೇ ಮಾತು ನಿಲ್ಲುತ್ತದೆ. ಮೆಸೇಜ್‌ಗೆ ಯಾವ ಕೆಲಸ ಆರಿಸಿಕೊಳ್ಳಲಿ ಎಂಬ ಗೊಂದಲ ಇದ್ದರೆ ಅತಿ ದೊಡ್ಡದನ್ನು ಬಿಟ್ಟು, ಹೀಗೆ ಅರ್ಧ ಗಂಟೆ ಕೆದಕಿದರೂ ಉತ್ತರ ಹೇಳಬಲ್ಲದ್ದನ್ನು ಆರಿಸಿ.

ಈಗಷ್ಟೇ ಓದು ಮುಗಿಸಿದವರು ಏನು ಬರೆಯಬೇಕು? ಅವರಿಗೂ ಇದೇ. ಕೊನೆಯ ವರ್ಷದ ಪ್ರಾಜೆಕ್ಟ್ ಇರುತ್ತದೆ, ಆದರೆ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳು ಇವೆ ಎಂಬುದು ಸಂದರ್ಶನ ಮಾಡುವವರಿಗೂ ಗೊತ್ತು. ಅದಕ್ಕಿಂತ ನೀವೇ ಮಾಡಿದ ಸಣ್ಣದು ಮೇಲು. ಹಾಸ್ಟೆಲ್ ಮೆಸ್ಸಿನ ಲೆಕ್ಕಕ್ಕೆ ಒಂದು ಆ್ಯಪ್ ಬರೆದಿರಿ, ನೂರು ಮಂದಿ ಒಂದು ಸೆಮಿಸ್ಟರ್ ಬಳಸಿದರು, ಇಬ್ಬರು ಒಟ್ಟಿಗೆ ಒತ್ತಿದಾಗ ಲೆಕ್ಕ ತಪ್ಪುತ್ತಿದ್ದುದನ್ನು ಹೀಗೆ ಸರಿಮಾಡಿದಿರಿ ಎಂದು ಬರೆದರೆ ಅದು ನಿಜವಾದ ಕೌಶಲದ ಮಾತು. ಕೋಡ್ ಎಲ್ಲರಿಗೂ ಕಾಣುವಂತೆ ಗಿಟ್‌ಹಬ್‌ನಲ್ಲಿದ್ದರೆ ಅದರ ಲಿಂಕ್ ಕೊಡಿ.

ಕಳಿಸಿದ ಮೇಲೆ ಒಂದೇ ಕಂಪನಿಯ ನಾಲ್ಕು ಸೀನಿಯರ್‌ಗಳಿಗೆ ಒಟ್ಟಿಗೆ ಕಳಿಸಬೇಡಿ. ಸಾಮಾನ್ಯವಾಗಿ ಮೊದಲು ಹಾಕಿದವರ ರೆಫರಲ್ ಲೆಕ್ಕಕ್ಕೆ ಬರುತ್ತದೆ, ಎರಡನೆಯವರು ಎಲ್ಲ ತುಂಬಿ ಮುಗಿಸಿದಾಗ ‘ಇವರನ್ನು ಆಗಲೇ ರೆಫರ್ ಮಾಡಲಾಗಿದೆ’ ಎಂದು ಪರದೆ ಹೇಳುತ್ತದೆ. ಅವರ ಸಮಯ ಹಾಳು, ನಿಮ್ಮ ಮೇಲೆ ಬೇಸರ. ಒಂದು ವಾರವಾದರೂ ಉತ್ತರ ಇಲ್ಲದಿದ್ದರೆ ಒಂದೇ ಸಾಲಿನ ನೆನಪೋಲೆ ಕಳಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮತ್ತೊಬ್ಬರನ್ನು ಕೇಳಿ.

ರೆಫರ್ ಮಾಡಿದರು ಎಂದಾದರೆ ಕಂಪನಿಯಿಂದ ನಿಮ್ಮ ಇಮೇಲ್‌ಗೆ ಒಂದು ಲಿಂಕ್ ಬರುವುದು ಸಾಮಾನ್ಯ. ಅದರಲ್ಲಿ ಹೋಗಿ ಅರ್ಜಿ ಪೂರ್ತಿ ಮಾಡುವವರೆಗೆ ರೆಫರಲ್ ಅರ್ಧಕ್ಕೇ ನಿಂತಿರುತ್ತದೆ. ಅದು ಸ್ಪ್ಯಾಮ್‌ಗೆ ಹೋಗಿ ಬೀಳುವುದುಂಟು, ಅಲ್ಲೂ ನೋಡಿ. ಅರ್ಜಿ ಹಾಕಿದ ಮೇಲೆ ಸೀನಿಯರ್‌ಗೆ ‘ಮುಗಿಸಿದೆ ಸರ್’ ಎಂದು ತಿಳಿಸಿ. ಅಷ್ಟಾಗಿಯೂ ಕರೆ ಬರದೇ ಇರಬಹುದು. ಹುದ್ದೆಯನ್ನೇ ತಡೆಹಿಡಿದಿರಬಹುದು, ಒಳಗಿನವರೇ ಯಾರೋ ಆ ಜಾಗಕ್ಕೆ ಬಂದಿರಬಹುದು. ರೆಫರ್ ಮಾಡಿದವರಿಗೂ ಕಾರಣ ತಿಳಿಯದಿರುವುದೇ ಹೆಚ್ಚು, ಅವರನ್ನು ಪದೇಪದೇ ಕೇಳಿ ಪ್ರಯೋಜನವಿಲ್ಲ. ಸಂದರ್ಶನದಲ್ಲಿ ಸೋತರೆ ಮತ್ತೆ ಅರ್ಜಿ ಹಾಕಲು ಆರು ತಿಂಗಳೋ ಒಂದು ವರ್ಷವೋ ಕಾಯಬೇಕೆಂಬ ನಿಯಮ ಹಲವೆಡೆ ಇದೆ. ಹಾಗಾಗಿ ತಯಾರಿ ಆಗಿಲ್ಲವೆಂದರೆ ರೆಫರಲ್ ಕೇಳುವುದನ್ನೇ ಒಂದು ತಿಂಗಳು ಮುಂದೂಡಿ. ಇನ್ನು ‘ಇಷ್ಟು ದುಡ್ಡು ಕೊಡಿ, ರೆಫರ್ ಮಾಡುತ್ತೇನೆ’ ಎನ್ನುವವರು ಸಿಕ್ಕರೆ ಅಲ್ಲಿಗೇ ಮಾತು ಮುಗಿಸಿ. ರೆಫರಲ್‌ಗೆ ಅಭ್ಯರ್ಥಿ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಇದನ್ನು ಓದುವವರಲ್ಲಿ ಆ ಕಡೆ ಕೂತ ಸೀನಿಯರ್‌ಗಳೂ ಇರುತ್ತೀರಿ. ನಿಮ್ಮಲ್ಲಿ ಒಂದು ಕೋರಿಕೆ. ರೆಫರ್ ಮಾಡಲು ಆಗದಿದ್ದರೆ, ಮನಸ್ಸಿಲ್ಲದಿದ್ದರೂ ಸರಿಯೇ, ‘ಆಗುವುದಿಲ್ಲಮ್ಮ, ಬೇರೆಯವರನ್ನು ಕೇಳು’ ಎಂದು ಒಂದು ಸಾಲು ಬರೆದುಬಿಡಿ. ನಿಮ್ಮ ಉತ್ತರ ಬರುವವರೆಗೆ ಆ ಹುಡುಗಿ ಅದೇ ಕಂಪನಿಯ ಇನ್ನೊಬ್ಬರನ್ನು ಕೇಳುವಂತಿಲ್ಲ, ತಾನೇ ಅರ್ಜಿ ಹಾಕುವಂತಿಲ್ಲ, ಅಷ್ಟರಲ್ಲಿ ಹುದ್ದೆ ಮುಚ್ಚಿಹೋಗುತ್ತದೆ.